ಮರ್ಕಂಜ ಬರೆದ ಪುಸ್ತಕ

೧೯೬೭ರ ಜೂನ್ ೯, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಪುತ್ತೂರಿನ ಕಾಲೇಜು ಗ್ರಂಥಾಲಯದಲ್ಲಿ ನಮ್ಮ ಅಧ್ಯಾಪಕರ ಪಿಎಚ್‌ಡಿ ಪ್ರಬಂಧದ ಗ್ರಂಥಸೂಚಿ ಸರಿಪಡಿಸಲು ಕುಳಿತೆ. ಮರುದಿನವೇ ಅದು ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ನೂರ ನಾಲ್ಕು ಚೀಟಿಗಳಲ್ಲಿ ಲೇಖಕ, ವರ್ಷ, ಶೀರ್ಷಿಕೆ ಎಂಬ ಒಂದೇ ಕ್ರಮದಲ್ಲಿ ಬರೆದು ಅಕಾರಾದಿಯಾಗಿ ಜೋಡಿಸಿದೆ.

ಲೇಖಕ ‘ಮರ್ಕಂಜ’ ಎಂದಿದ್ದ ಚೀಟಿಯನ್ನು ಗ್ರಂಥಪಾಲಕರು ನೋಡಿ ನಕ್ಕರು. “ಎಂತ ಮಾರಾಯ, ಮರ್ಕಂಜ ಪುಸ್ತಕ ಬರೆದದ್ದುಂಟಾ? ಅದು ಅವರ ಊರು!”

ಹೆಸರಿಗೆ ಮೊದಲು ಬರೆಯುವ ಊರನ್ನೇ ನಾನು ಲೇಖಕರ ಹೆಸರೆಂದುಕೊಂಡಿದ್ದೆ. ಊರು ಬರೆಯದ ಚೀಟಿಯಲ್ಲಿ ಅದೇ ಲೇಖಕರು ಬೇರೆ ಕಡೆ ಕುಳಿತಿದ್ದರು. ಗ್ರಂಥಪಾಲಕರು ಊಟ ಬಿಟ್ಟು ಹನ್ನೊಂದು ಚೀಟಿಗಳನ್ನು ತಿದ್ದಿಸಿದರು. ಪ್ರಬಂಧ ಶನಿವಾರ ಹೊರಟಿತು. ಆ ಉಪಕಾರ ಮರೆತಿಲ್ಲ.

ಮರ್ಕಂಜದವರ ಒಂದು ಪುಸ್ತಕಕ್ಕೆ ಮಾತ್ರ ‘ವರ್ಷ ತಿಳಿದಿಲ್ಲ’ ಎಂದೇ ಬರೆಯಬೇಕಾಯಿತು. ತಿಳಿದವರು ಒಂದು ಅಂಚೆ ಕಾರ್ಡು ಬರೆಯಿರಿ.