ಸುಮಂಗಲಾ ಮೇಡಂ ಮತ್ತು ತುಂಬಿದ ಸ್ಟ್ಯಾಕ್

ತಿಕೋಟಾದ ಸುಮಂಗಲಾ ಎಂಟು ವರ್ಷಗಳಿಂದ ವಿಜಯಪುರದ ಹೊರವಲಯದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಎಂಟು ವರ್ಷ ಒಂದೇ ಮನೆಯಲ್ಲಿದ್ದವರನ್ನು ಅತಿಥಿ ಎಂದು ಕರೆಯುವ ಧೈರ್ಯ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇರುತ್ತದೆ.

ಕೊನೆಯ ವರ್ಷದವರನ್ನು ಕಂಪನಿಗಳ ಸಂದರ್ಶನಕ್ಕೆ ತಯಾರು ಮಾಡುವುದು ಅವರ ಕೆಲಸ. ಫಂಕ್ಷನ್ ತನ್ನನ್ನೇ ತಾನು ಕರೆಯುವ ರಿಕರ್ಷನ್ ಪಾಠ ಬಂದಾಗ, ತಾಯಿ ಪರಸವ್ವ ಬಡಿದು ಒಂದರ ಮೇಲೊಂದು ಪೇರಿಸಿಟ್ಟ ರೊಟ್ಟಿಗಳ ಥಪ್ಪಿಯನ್ನೇ ಸ್ಟ್ಯಾಕಿಗೆ ಉದಾಹರಣೆ ಕೊಡುತ್ತಿದ್ದರು.

"ಒಂದೊಂದು ಕರೆಗೂ ಒಂದೊಂದು ರೊಟ್ಟಿ ಮ್ಯಾಲ ಬೀಳತೈತಿ. ಆ ಕರೆ ಏನು ಹಿಡಕೊಂಡಿತ್ತು, ಮುಗಿದ ಮ್ಯಾಲ ಎಲ್ಲಿಗೆ ತಿರುಗಿ ಹೋಗಬೇಕು, ಎಲ್ಲಾ ಅದರಾಗ ಇರತೈತಿ. ಮ್ಯಾಲಿಂದ ಮೊದಲ ಎದ್ದು ಹೋಗತೈತಿ. ಸಾಕು, ಇನ್ನ ಕರೀಬ್ಯಾಡ ಅನ್ನೂದು ಬೇಸ್ ಕೇಸ್."

ಈ ಜೂನ್‌ನಲ್ಲಿ ಒಂದು ಕಾಯಂ ಹುದ್ದೆ ಕರೆದರು. ಹಿಂದಿನದನ್ನು ಕರೆದು ಎಂಟು ವರ್ಷವಾಗಿತ್ತು. ಸಂದರ್ಶನ ಮಾಡಲು ಕುಳಿತವರು ಪ್ರಿನ್ಸಿಪಾಲರು ಮತ್ತು ವಿಭಾಗದ ಮುಖ್ಯಸ್ಥ ಗುರುಪಾದಯ್ಯನವರು. ಗುರುಪಾದಯ್ಯನವರು ಐದರ ಫ್ಯಾಕ್ಟೋರಿಯಲ್ ನೂರಿಪ್ಪತ್ತು ಎಂಬುದನ್ನು ರಿಕರ್ಷನ್ ಪಾಠದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಾಬೀತು ಮಾಡುತ್ತ ಬಂದವರು. ಯಾರೂ ಸಂಶಯಪಟ್ಟಿರಲಿಲ್ಲ. ಅವರ ನೋಟ್ಸಿನಲ್ಲಿ ಎರಡು ಗೆರೆ ಎಳೆದ ಒಂದು ವಾಕ್ಯವಿತ್ತು: ಬೇಸ್ ಕೇಸ್ ಇದ್ದರೆ ಸ್ಟ್ಯಾಕ್ ತುಂಬಿ ಓವರ್‌ಫ್ಲೋ ಆಗುವುದಿಲ್ಲ.

ಇನ್ನೊಬ್ಬ ಅಭ್ಯರ್ಥಿ ಬಬಲೇಶ್ವರದ ಅರುಣಕುಮಾರ, ಇದೇ ಕಾಲೇಜಿನಲ್ಲಿ ಓದಿದವನು, ಒಂದು ಕಾಲಕ್ಕೆ ಸುಮಂಗಲಾ ಅವರ ವಿದ್ಯಾರ್ಥಿ. ಅವನು ಮೊದಲು ಒಳಗೆ ಹೋಗಿ ಬಂದು ಪಡಸಾಲೆಯಲ್ಲಿ ಮೆಲ್ಲಗೆ ಹೇಳಿದ: "ಮೇಡಂ, ಸರ್ ನೋಟ್ಸಿನಾಗಿದ್ದದ್ದ ಹೇಳಿಬಿಡ್ರಿ. ಇವತ್ತೊಂದ ದಿನ."

ಸುಮಂಗಲಾ ಒಳಗೆ ಹೋದಾಗ ಗುರುಪಾದಯ್ಯನವರಿಂದ ಅದೇ ಪ್ರಶ್ನೆ ಬಂತು.

"ಸ್ಟ್ಯಾಕ್ ಓವರ್‌ಫ್ಲೋ ಯಾವಾಗ ಆಗತೈತ್ರಿ ಮೇಡಂ?"

"ಬೇಸ್ ಕೇಸ್ ಇಲ್ಲದಾಗ ಆಗತೈತ್ರಿ ಸರ್. ಇದ್ರೂ ಆಗತೈತ್ರಿ."

"ಇದ್ದ ಮ್ಯಾಲ ಹೆಂಗ ಆಗತೈತಿ?"

"ಬೇಸ್ ಕೇಸ್ ಭಾಳ ದೂರ ಇದ್ರ, ಅಲ್ಲಿಗೆ ಮುಟ್ಟೂದ್ರಾಗ ಸ್ಟ್ಯಾಕಿನ ಜಾಗಾ ತೀರಿ ಹೋಗತೈತ್ರಿ."

"ಇಪ್ಪತ್ತೆರಡು ವರ್ಷದಾಗ ನಾ ಒಮ್ಮಿನೂ ನೋಡಿಲ್ಲ."

"ಐದಕ್ಕ ಕಾಣೂದಿಲ್ರಿ."

ಪ್ರಿನ್ಸಿಪಾಲರು ಕೆಮ್ಮಿದರು. ನಗು ಬಂದಾಗ ಕೆಮ್ಮುವುದು ಅವರ ರೂಢಿ.

ಸುಮಂಗಲಾ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಕೇಳಿ ಪಡೆದು ಸಿ ಭಾಷೆಯಲ್ಲಿ ಬರೆದರು. ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ. ಅದರಲ್ಲಿ ಎಷ್ಟು ಕೊಂಡಿಗಳಿವೆ ಎಂದು ಎಣಿಸುವ ಫಂಕ್ಷನ್. ಪಟ್ಟಿ ಖಾಲಿಯಾದರೆ ಸೊನ್ನೆ. ಇಲ್ಲದಿದ್ದರೆ ಒಂದು, ಜೊತೆಗೆ ಉಳಿದದ್ದರ ಎಣಿಕೆ. ಹತ್ತು ಕೊಂಡಿ ಕೊಟ್ಟರೆ ಹತ್ತು ಎಂದಿತು. ಹತ್ತು ಲಕ್ಷ ಕೊಟ್ಟರು. ಪ್ರೋಗ್ರಾಂ ಉತ್ತರ ಹೇಳದೆ ನಡುವೆಯೇ ಸತ್ತಿತು.

"ಲ್ಯಾಪ್‌ಟಾಪ್ ಹಳೇದೈತಿ," ಎಂದರು ಗುರುಪಾದಯ್ಯನವರು.

ಸುಮಂಗಲಾ ಅದೇ ಎಣಿಕೆಯನ್ನು, ತನ್ನನ್ನು ಕರೆಯದೆ ಸುಮ್ಮನೆ ಸುತ್ತುವ ಲೂಪಿನಲ್ಲಿ ಬರೆದರು. ಎಣಿಸಲು ಒಂದು ಸಂಖ್ಯೆ, ಯಾವ ಕೊಂಡಿಯ ಮೇಲಿದ್ದೇವೆಂಬ ಒಂದು ಗುರುತು, ಅಷ್ಟೇ. ಹಳೆಯ ಲ್ಯಾಪ್‌ಟಾಪು ಹತ್ತು ಲಕ್ಷ ಎಂದಿತು.

"ಇಲ್ಲಿ ಹಿಂದಿನದನ್ನ ನೆನಪಿಡೂ ಕೆಲಸ ಇಲ್ರಿ, ಅದಕ್ಕ ಲೂಪ್ ಒಂದ ಸಾಕು. ಟ್ರೀ ಆದ್ರ ಟೊಂಗಿ ಎರಡಿರತಾವ. ಆಮ್ಯಾಲ ನೋಡೂದನ್ನ ನಾವ ಒಂದು ಸ್ಟ್ಯಾಕ್ ಮಾಡಿ ಅದರಾಗ ಇಟಗೋಬೇಕು. ಕಂಪನಿಯವರು ಇದನ್ನ ಕೇಳತಾರ."

"ಆತ್ರಿ," ಎಂದು ಗುರುಪಾದಯ್ಯನವರು ಪೆನ್ನಿನ ಮುಚ್ಚಳ ಹಾಕಿದರು.

ಶುಕ್ರವಾರ ಫಲಿತಾಂಶ ಅಂಟಿಸಿದರು. ಅರುಣಕುಮಾರನ ಹೆಸರಿತ್ತು. ಗುರುಪಾದಯ್ಯನವರೇ ಸುಮಂಗಲಾ ಅವರನ್ನು ಕರೆದು ಚಹಾ ತರಿಸಿದರು. ಅನ್ಯಾಯ ಮಾಡುವಾಗ ಅವರು ಉಪಚಾರದಲ್ಲಿ ಕಡಿಮೆ ಮಾಡುವವರಲ್ಲ.

"ಜ್ಞಾನ ಐತವ್ವಾ ನಿನಗ, ಇಲ್ಲ ಅನ್ನಂಗಿಲ್ಲ. ಆದ್ರ ಕಾಯಂ ಮಂದಿಗೆ ಹೊಂದಕೊಂಡು ಹೋಗೂ ಗುಣಾ ಬೇಕು."

"ಪ್ರೋಗ್ರಾಂ ತಪ್ಪಿತ್ತೇನ್ರಿ ಸರ್?"

"ಪ್ರೋಗ್ರಾಂ ಮಾತ ಅಲ್ಲವ್ವಾ ಅದು. ಚಹಾ ಆರತೈತಿ ನೋಡು."

ಮುಂದಿನ ವಾರ ಸಂದರ್ಶನ ತಯಾರಿಯ ತರಗತಿಯೂ ಅರುಣಕುಮಾರನಿಗೆ ಹೋಯಿತು. ಸೋಮವಾರ ತರಗತಿಗೆ ಮೊದಲು ಅವನು ಸ್ಟಾಫ್ ರೂಮಿಗೆ ಬಂದು ನಿಂತ. ಕೊರಳಲ್ಲಿ ಹೊಸ ಗುರುತಿನ ಚೀಟಿ.

"ಮೇಡಂ, ರಿಕರ್ಷನ್ ಇಲ್ಲದಂಗ ಟ್ರೀ ನೋಡೂದು ಹುಡುಗೂರು ಕೇಳ್ಯಾರ. ಮೊದಲ ಕವಲಿನ ಗಂಟು, ಆಮ್ಯಾಲ ಎಡಾ, ಆಮ್ಯಾಲ ಬಲಾ ಬರಬೇಕು. ಸ್ಟ್ಯಾಕಿನಾಗ ಯಾವ ಟೊಂಗಿ ಮೊದಲ ಹಾಕಬೇಕ್ರಿ?"

"ಬಲಗಡಿದು ಮೊದಲ. ಆಮ್ಯಾಲ ಎಡಗಡಿದು."

"ಎಡಾ ಮೊದಲ ಬರಬೇಕಲ್ರಿ?"

ಸುಮಂಗಲಾ ಅವನ ಮುಖ ನೋಡಿದರು. ಹಾಳೆ ಎಳೆದುಕೊಂಡರು.

"ಕಡೀಕ ಹಾಕಿದ್ದ ಮೊದಲ ಹೊರಗ ಬರತೈತಿ. ಕೂಡು, ಮೊದಲಿಂದ ಹೇಳತೀನಿ."

ಇಪ್ಪತ್ತು ನಿಮಿಷ ಹೇಳಿದರು. ಅವನು ಬರೆದುಕೊಂಡು, ಕೈಮುಗಿದು ಹೋದ. ಪಕ್ಕದ ಕೋಣೆಯಿಂದ ಅವನ ದನಿ ಕೇಳತೊಡಗಿತು. ಅವರವೇ ವಾಕ್ಯಗಳು, ಅದೇ ಕ್ರಮ. ನಡುವೆ ಒಂದು ಕಡೆ ಎಡಗಡೆಯದು ಮೊದಲು ಹಾಕಿ ಎಂದುಬಿಟ್ಟ. ಅರವತ್ತು ಮಂದಿ ಬರೆದುಕೊಳ್ಳುವ ಸದ್ದು.

ಸುಮಂಗಲಾ ಎದ್ದು ಬಾಗಿಲ ತನಕ ಹೋದರು. ತಿರುಗಿ ಬಂದು ಕುಳಿತರು.