ಮೆಟ್ಟಿಲ ಮುಂದೆ ನಿಂತ ಜಾಹೀರಾತು

ಆ ಚಪ್ಪಲಿ ಕಂಪನಿಯಲ್ಲಿ ಜಾಹೀರಾತಿನ ಮಾತು ಬರೆಯುತ್ತಿದ್ದ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿ ಅಕ್ಕ ಅಂತ. ಯಾರು ಏನು ಬರೆದು ತಂದರೂ ಅದರಲ್ಲಿ ಅರ್ಧ ಕತ್ತರಿಸಿ ವಾಪಸ್ ಕೊಡುತ್ತಿದ್ದಳು. ಅವಳ ಗಂಡ ಹಲ್ಲಿನ ಡಾಕ್ಟರು. "ನಮ್ಮ ಮನೇಲಿ ಒಬ್ಬರು ಹಲ್ಲು ಕೀಳ್ತಾರೆ, ಒಬ್ಬರು ಮಾತು ಕೀಳ್ತಾರೆ" ಅಂತ ಆತ ನೆಂಟರ ಮುಂದೆ ಹೇಳಿಕೊಂಡು ನಗುತ್ತಿದ್ದ. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಐವತ್ತು ದಾಟಿದ್ದಳು, ಮಾಡುವ ಕೆಲಸ ಇಷ್ಟವಿತ್ತು, ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಂದು ಸಣ್ಣ ತೂಕಡಿಕೆಯೂ ಸಿಗುತ್ತಿತ್ತು.

ಆ ವರ್ಷ ಪ್ರಚಾರ ವಿಭಾಗಕ್ಕೆ ಹೊಸ ಮುಖ್ಯಸ್ಥ ಬಂದಿದ್ದ. ಚುರುಕಾದ ಮನುಷ್ಯ, ನಡೆಯುವಾಗಲೂ ಓಡುತ್ತಿದ್ದಾನೇನೋ ಅನ್ನಿಸುತ್ತಿತ್ತು. ವಿಶ್ವ ಅಂಗವಿಕಲರ ದಿನ ಹತ್ತಿರ ಬರುತ್ತಿದ್ದಾಗ ಆತ ಎಲ್ಲರನ್ನೂ ಕೂಡಿಸಿ ತನ್ನ ಯೋಜನೆ ಹೇಳಿದ. ಕಂಪನಿಯ ಲೋಗೋದ ಪಕ್ಕ ಆ ವಾರ ಒಂದು ಗಾಲಿಕುರ್ಚಿಯ ಚಿತ್ರ. ಕಣ್ಣಲ್ಲಿ ನೀರು ತರಿಸುವ ಎರಡು ನಿಮಿಷದ ಸಿನಿಮಾ. ಅದರ ಕೊನೆಗೆ ಒಂದು ಸಾಲು: 'ಎಲ್ಲರ ಹೆಜ್ಜೆಗೂ ನಾವಿದ್ದೇವೆ.'

ಕತ್ತರಿ ಅಕ್ಕ ಆ ಸಾಲು ಓದಿದಳು. ಕತ್ತರಿಸಲು ಏನೂ ಸಿಗಲಿಲ್ಲ. ಸಾಲು ಚೆನ್ನಾಗಿಯೇ ಇತ್ತು.

ಸಿನಿಮಾಕ್ಕೆ ನಟಿ ಬೇಡ, ನಿಜವಾದ ಗಿರಾಕಿಯೇ ಇರಲಿ ಅಂತ ತೀರ್ಮಾನವಾಯಿತು. ಗಾಲಿಕುರ್ಚಿ ಬಳಸುವ ಒಬ್ಬ ಗಣಿತದ ಟೀಚರ್ ಒಪ್ಪಿಕೊಂಡರು. ಚಿತ್ರೀಕರಣ ಕಂಪನಿಯ ದೊಡ್ಡ ಅಂಗಡಿಯಲ್ಲಿ. ಬೆಳಿಗ್ಗೆ ದೀಪ, ಕ್ಯಾಮೆರಾ, ಬಣ್ಣಬಣ್ಣದ ಡಬ್ಬಗಳು ಎಲ್ಲ ಸಜ್ಜಾಗಿದ್ದವು. ಟೀಚರ್ ಕಾರಿನಿಂದ ಕುರ್ಚಿಗೆ ಇಳಿದು, ಗಾಲಿ ತಳ್ಳಿಕೊಂಡು ಬಾಗಿಲವರೆಗೆ ಬಂದು ನಿಂತರು. ಅಂಗಡಿಗೆ ಮೂರು ಮೆಟ್ಟಿಲು.

"ಒಂದ್ನಿಮಿಷ ಮೇಡಂ, ನಮ್ಮ ಹುಡುಗ್ರು ಎತ್ಕೋತಾರೆ" ಅಂದ ಮುಖ್ಯಸ್ಥ.

"ನಾನೇನು ಅಕ್ಕಿ ಮೂಟೆನಾ?" ಅಂದರು ಟೀಚರ್. ಸಿಟ್ಟಿನಿಂದಲ್ಲ, ತರಗತಿಯಲ್ಲಿ ತಪ್ಪು ಉತ್ತರ ಕೇಳಿದವರ ಹಾಗೆ. "ಇವತ್ತು ಎತ್ಕೋತೀರಿ ಸರಿ, ಮುಂದಿನ ವಾರ ಚಪ್ಪಲಿ ಕೊಳ್ಳೋಕೆ ಬಂದಾಗ ಯಾರನ್ನ ಕರೀಲಿ?"

ಟೀಚರ್ ಪಕ್ಕದಲ್ಲೇ ನಿಂತಿದ್ದ ಕತ್ತರಿ ಅಕ್ಕನ ಕಡೆ ತಿರುಗಿದರು. "ಹೋಗ್ಲಿ, ಮೆಟ್ಟಿಲು ಹಳೇದು, ಅರ್ಥ ಆಗತ್ತೆ. ಆದ್ರೆ ಅಂಗಡಿಗಳಿಗೆಲ್ಲ ಇಳಿಜಾರು ದಾರಿ ಇರಲೇಬೇಕು ಅಂತ ನಗರಸಭೆ ನಿಯಮ ತರ್ತಾ ಇದೆಯಲ್ಲ, ಅದರ ವಿಚಾರಣೆಗೆ ನಾನು ಹೋಗಿದ್ದೆ. ಬೇಡವೇ ಬೇಡ ಅಂತ ವಾದ ಮಾಡಿದ್ದು ನಿಮ್ಮ ವರ್ತಕರ ಸಂಘದ ವಕೀಲರು. ಸಂಘದಲ್ಲಿ ನೀವೂ ಇದ್ದೀರಲ್ವಾ?"

ಇದ್ದರು. ಆ ಸಂಘ ಕಟ್ಟಿದವರಲ್ಲಿ ಕಂಪನಿಯ ಯಜಮಾನರ ತಾಯಿಯೂ ಒಬ್ಬರು.

ಅಂದು ಚಿತ್ರೀಕರಣ ನಡೆಯಲಿಲ್ಲ. ಟೀಚರ್‌ಗೆ ಟೀ ತರಿಸಿದರು, ಫುಟ್‌ಪಾತಿನ ಮೇಲೇ ಕುಡಿದರು. "ನನ್ನಂಥ ಗಿರಾಕಿ ನಿಮಗೆ ನಷ್ಟ ಬಿಡಿ, ನನ್ನ ಚಪ್ಪಲಿ ಸವೆಯೋದೇ ಇಲ್ಲ" ಅಂತ ಅವರೇ ನಗೆ ಹಾರಿಸಿ ಹೊರಟರು.

ಮಧ್ಯಾಹ್ನ ಕತ್ತರಿ ಅಕ್ಕ ಯಜಮಾನರ ಕೋಣೆಗೆ ಹೋದಳು. ಮುಖ್ಯಸ್ಥನೂ ಜೊತೆಗೆ ಬಂದ. ಯಜಮಾನರು ಕೇಳಿಸಿಕೊಂಡು, "ವಿರೋಧ ಮಾಡಿದ್ದು ಸಂಘ. ನಾವಲ್ವಲ್ಲಮ್ಮ?" ಅಂದರು.

"ಚಂದಾ ಕೊಡೋರು ನಾವು. ಆ ವಕೀಲರ ಬಾಯಲ್ಲಿ ನಮ್ಮ ಮಾತೂ ಇದೆ. ಈ ಕಡೆ ಎಲ್ಲರ ಹೆಜ್ಜೆಗೂ ನಾವಿದ್ದೇವೆ ಅಂತೀವಿ, ಆ ಕಡೆ ಬಾಗಿಲು ಹಾಕಿಸ್ತೀವಿ. ಈ ಸಾಲಿನ ಕೆಳಗೆ ನನ್ನ ಕೈಲಿ ಸಹಿ ಹಾಕೋಕಾಗಲ್ಲ."

ಮುಖ್ಯಸ್ಥನಿಗೆ ತಡೆಯಲಾಗಲಿಲ್ಲ. "ಅಕ್ಕ, ಮಾತಾಡಿದ್ರೆ ನಾಟಕ ಅಂತಾರೆ, ಸುಮ್ಮನಿದ್ರೆ ಕಲ್ಲುಮನಸ್ಸು ಅಂತಾರೆ. ಎಲ್ಲಾ ಸರಿಹೋಗೋತನಕ ಬಾಯೇ ಬಿಡಬಾರದು ಅಂದ್ರೆ ಯಾವ ಕಂಪನಿಯೂ ಯಾವತ್ತೂ ಏನೂ ಹೇಳೋಹಾಗಿಲ್ಲ."

ಅದು ಪೊಳ್ಳು ಮಾತಾಗಿರಲಿಲ್ಲ, ಅವಳಿಗೂ ಗೊತ್ತಿತ್ತು. ಸ್ವಲ್ಪ ಯೋಚಿಸಿ ಹೇಳಿದಳು: "ಎಲ್ಲಾ ಸರಿಹೋಗ್ಲಿ ಅಂತಿಲ್ಲಪ್ಪ. ಶುರು ಮಾಡಿರ್ಬೇಕು, ಇನ್ನೂ ಏನು ಆಗಿಲ್ಲ ಅನ್ನೋದನ್ನೂ ಹೇಳ್ಬೇಕು. ಮತ್ತೆ ನಮ್ಮ ಕೈಯಿಂದ ಏನಾದ್ರೂ ಹೋಗ್ಬೇಕು. ಏನೂ ಕಳ್ಕೊಳ್ಳದೆ ಹೇಳೋ ಮಾತನ್ನ ಯಾರು ಬೇಕಾದ್ರೂ ಹೇಳಬಹುದು."

ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಸಂಘದ ಅಧ್ಯಕ್ಷ ನನ್ನ ಬಾಲ್ಯದ ಗೆಳೆಯ" ಅಂದರು. ಆಮೇಲೆ, "ನಾಳೆ ಹೇಳ್ತೀನಿ."

ಮನೆಯಲ್ಲಿ ಅವಳು ಗಂಡನಿಗೆ, "ಬಹುಶಃ ಕೆಲಸ ಹೋಗತ್ತೆ" ಅಂದಳು. "ಬಾ, ನಮ್ಮ ಕ್ಲಿನಿಕ್ಕಲ್ಲಿ ಬಾಯಿ ತೆಗೀರಿ ಅನ್ನೋಕೆ ಒಬ್ಬರು ಬೇಕು. ನೀನಾದ್ರೆ ಬಾಯಿ ಮುಚ್ಚಿಸ್ತೀಯ, ಅಷ್ಟೇ ತೊಂದರೆ" ಅಂದ ಆತ. ಅವಳು ನಕ್ಕು ಚೆನ್ನಾಗಿ ಉಂಡಳು.

ಕೆಲಸ ಹೋಗಲಿಲ್ಲ. ಯಜಮಾನರು ಮುಂದಿನ ವಿಚಾರಣೆಗೆ ತಾವೇ ಹೋದರು. ಈ ವಿಷಯದಲ್ಲಿ ಸಂಘದ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ, ನಿಯಮ ಬರಲಿ, ಸಣ್ಣ ಅಂಗಡಿಯವರಿಗೆ ನಗರಸಭೆ ಸಹಾಯ ಮಾಡಲಿ ಅಂತ ಎಲ್ಲರೆದುರು ಹೇಳಿದರು. ಗೆಳೆಯ ಮುಖ ತಿರುಗಿಸಿಕೊಂಡ. ಆ ಸಲದ ವರ್ತಕರ ಮೇಳದಲ್ಲಿ ಕಂಪನಿಗೆ ಸಿಕ್ಕ ಜಾಗ ಶೌಚಾಲಯದ ಪಕ್ಕ.

ಸಿನಿಮಾಕ್ಕೆ ಎತ್ತಿಟ್ಟಿದ್ದ ದುಡ್ಡು ಅಂಗಡಿಗಳ ಬಾಗಿಲಿಗೆ ಹೋಯಿತು. ಟೀಚರನ್ನೂ ಅವರ ಇಬ್ಬರು ಸ್ನೇಹಿತರನ್ನೂ ಸಲಹೆಗಾರರಾಗಿ ಕರೆದರು, ಪುಕ್ಕಟೆಯಾಗಿ ಅಲ್ಲ, ಸರಿಯಾದ ಸಂಬಳ ಕೊಟ್ಟು. ಮೊದಲ ಅಂಗಡಿಗೆ ಗುತ್ತಿಗೆದಾರ ಹಾಕಿಸಿದ ಇಳಿಜಾರು ನೋಡಿ ಟೀಚರ್, "ಇದು ದಾರಿಯಲ್ಲ, ಜಾರುಬಂಡೆ" ಅಂದರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅಂತ ಆಮೇಲೆ ಎಲ್ಲರಿಗೂ ಬಾಯಿಪಾಠವಾಯಿತು. ಅಷ್ಟು ಜಾಗವಿಲ್ಲದ ಕಡೆ ಬೇಕಾದಾಗ ಹಾಸುವ ಹಲಗೆ, ಕರೆಗಂಟೆ. "ಗಂಟೆ ಒತ್ತಿ ಕಾಯೋದು ನನಗಿಷ್ಟವಿಲ್ಲ" ಅಂದರು ಟೀಚರ್. ಸದ್ಯಕ್ಕೆ ಅಷ್ಟೇ ಸಾಧ್ಯ, ಅದನ್ನೂ ಮುಚ್ಚಿಡುವುದಿಲ್ಲ ಅಂತ ಕತ್ತರಿ ಅಕ್ಕ ಮಾತು ಕೊಟ್ಟಳು.

ಅಂಗವಿಕಲರ ದಿನ ಬಂತು. ಪೈಪೋಟಿಯ ಕಂಪನಿಗಳೆಲ್ಲ ಲೋಗೋ ಬದಲಾಯಿಸಿಕೊಂಡವು. ಇವರ ಜಾಲತಾಣದ ಪುಟದಲ್ಲಿ ಎಂದಿನಂತೆ ಚಪ್ಪಲಿಯ ಚಿತ್ರ. ಮುಖ್ಯಸ್ಥ ಬೆಳಗಿನಿಂದ ಫೋನ್ ನೋಡಿ ನೋಡಿ ಉಗುರು ಕಚ್ಚಿದ. ಅವಳು ಅವನಿಗೊಂದು ಕಡಲೆ ಪೊಟ್ಟಣ ಕೊಟ್ಟು, "ಇದನ್ನ ಕಚ್ಚು" ಅಂದಳು.

ಅರ್ಧಕ್ಕಿಂತ ಹೆಚ್ಚು ಅಂಗಡಿಗಳು ಮುಗಿದ ಮೇಲೆ, ಯಾವ ವಿಶೇಷ ದಿನವೂ ಅಲ್ಲದ ಒಂದು ಮಂಗಳವಾರ, ಅವಳು ಅದೇ ಪುಟದಲ್ಲಿ ಬರೆದಳು. ಯಾವ ಅಂಗಡಿಗೆ ಈಗ ನೀವೇ ಒಳಗೆ ಬರಬಹುದು, ಯಾವುದಕ್ಕೆ ಇನ್ನೂ ಗಂಟೆ ಒತ್ತಬೇಕು, ಯಾವುದು ಯಾವಾಗ ಮುಗಿಯುತ್ತದೆ, ಸಂಘಕ್ಕೆ ನಾವು ಏನು ಹೇಳಿದೆವು. ವಿಶೇಷಣ ಒಂದೂ ಇರಲಿಲ್ಲ. ಹೊಗಳಿಕೆ ಬಂತು, ಬೈಗುಳವೂ ಬಂತು. "ಇಷ್ಟು ವರ್ಷ ನಿದ್ದೆ ಮಾಡ್ತಿದ್ರಾ?" ಅಂತ ಒಬ್ಬರು ಕೇಳಿದ್ದರು. ಮುಖ್ಯಸ್ಥ ಉದ್ದದ ಸಮಜಾಯಿಷಿ ಬರೆದು ತಂದ. ಅವಳು ಅದರಲ್ಲಿ ಎರಡೇ ಪದ ಉಳಿಸಿದಳು: 'ತಡವಾಯಿತು, ನಿಜ.' ಮುಖ್ಯಸ್ಥ ಹಾಗೇ ಹಾಕಿದ.

ಶನಿವಾರ ಗಂಡನಿಗೆ ಬೂಟು ಕೊಡಿಸಲು ಅವಳು ದೊಡ್ಡ ಅಂಗಡಿಗೆ ಹೋದಳು. ಆತ ಒಳಗೆ ಒಂದೊಂದೇ ಜೋಡಿ ಹಾಕಿ ನೋಡುತ್ತಿದ್ದರೆ ಅವಳು ಹೊರಗೆ ಬಿಸಿಲಿಗೆ ನಿಂತಳು. ಒಬ್ಬ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಒಳಗೆ ಹೋದಳು. ಮಂಡಿನೋವಿನ ಅಜ್ಜರೊಬ್ಬರು ಕಂಬಿ ಹಿಡಿದು ಹತ್ತಿದರು. ಡಬ್ಬ ಹೊತ್ತ ಗಾಡಿ ಗಡಗಡ ಅಂತ ಇಳಿಯಿತು. ಯಾರೂ ಕಾಲ ಕೆಳಗಿನ ಹೊಸ ಇಳಿಜಾರು ದಾರಿಯನ್ನು ನೋಡಲಿಲ್ಲ, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳಿಗೆ ತುಂಬ ಹಿತವೆನಿಸಿತು.