ಪೊಟ್ಟಣ ಸೀಳಿದ ಪ್ರೊಫೆಸರು

ಕೃಷ್ಣಮೂರ್ತಿಪುರಂನ ನಮ್ಮ ನಡುಮನೆಯಲ್ಲಿ ಆ ಮಧ್ಯಾಹ್ನ ಮೂವರಿದ್ದೆವು. ಇಂಟರ್‌ಮೀಡಿಯೆಟ್ ಬಯಾಲಜಿಯಲ್ಲಿ ಎರಡು ಸಲ ನಪಾಸಾಗಿದ್ದ ಅಕ್ಕ, ಅದೇ ಕ್ಲಾಸಿಗೆ ಆ ವರ್ಷ ತಾನೇ ಸೇರಿದ್ದ ನಾನು, ಕಡಲೆಕಾಯಿ ಸುಲಿಯುತ್ತ ಕೂತ ಅಜ್ಜಿ. ಅಕ್ಕನಿಗೆ ಡಾಕ್ಟರಾಗುವ ಹುಚ್ಚು. ಅಪ್ಪ ಮಾತ್ರ ಹೇಳಿಬಿಟ್ಟಿದ್ದರು, ಇದೇ ಕಡೆಯ ಸಲ, ಆಗದಿದ್ದರೆ ಹುಣಸೂರಿನ ಸಂಬಂಧಕ್ಕೆ ಒಪ್ಪಿಕೋ ಅಂತ.

ಮಂಡಿ ಮೊಹಲ್ಲಾದ ರದ್ದಿ ಅಂಗಡಿಯಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ಹರಡಿದ್ದೆವು. ಒಂದು ಪ್ರಶ್ನೆ ವರ್ಷ ಬಿಟ್ಟು ವರ್ಷ ಬರುತ್ತಿತ್ತು: ಪ್ರಾಣಿಗಳ ಹತ್ತು ಫೈಲಮ್‌ಗಳನ್ನು, ಅಂದರೆ ದೊಡ್ಡ ಗುಂಪುಗಳನ್ನು, ಕ್ರಮವಾಗಿ ಹೆಸರಿಸಿ. ಪ್ರೊಟೊಜೊವ, ಪೊರಿಫೆರ, ಸೀಲೆಂಟರೇಟ, ಪ್ಲಾಟಿಹೆಲ್ಮಿಂತಿಸ್, ನೆಮಟಿಹೆಲ್ಮಿಂತಿಸ್, ಅನೆಲಿಡ, ಆರ್ಥ್ರೊಪೊಡ, ಮೊಲಸ್ಕ, ಎಕೈನೊಡರ್ಮೇಟ, ಕಾರ್ಡೇಟ. ಅಕ್ಕನಿಗೆ ಐದು ದಾಟುತ್ತಿರಲಿಲ್ಲ.

"ಇದೇನು ಮಹಾ," ಅಂದರು ಅಜ್ಜಿ. ಅಕ್ಷರ ಬಾರದಿದ್ದರೂ ಸ್ತೋತ್ರಗಳನ್ನೆಲ್ಲ ಕಿವಿಯಿಂದಲೇ ಕಲಿತವರು. "ಒಂದೊಂದರ ಮೊದಲ ಸದ್ದು ಕೊಡ್ರೇ, ಕತೆ ಕಟ್ಟಿಕೊಡ್ತೀನಿ."

ಮಡಿಲ ತುಂಬ ಕಡಲೆಕಾಯಿ ಇತ್ತಲ್ಲ, ಅಜ್ಜಿಯ ಕತೆಯೂ ಅಲ್ಲಿಂದಲೇ ಎದ್ದಿತು: "ಪ್ರೊಫೆಸರು ಪೊಟ್ಟಣ ಸೀಳಿ ಪ್ಲೇಟಿಗೆ ನೆಲಗಡಲೆ ಅಷ್ಟೂ ಆರಿಸಿ ಮೊದಲು ಎಲ್ಲರಿಗೂ ಕೊಟ್ಟರು."

"ನಮ್ಮ ಪ್ರೊಫೆಸರು ಅಷ್ಟು ಧಾರಾಳ ಅಲ್ಲ ಕಣಜ್ಜಿ," ಅಂದಳು ಅಕ್ಕ. ಎರಡು ವರ್ಷದಲ್ಲಿ ಅವಳು ಬಯಾಲಜಿ ಹಿಡಿದು ನಕ್ಕದ್ದು ಅದೊಂದೇ ಸಲ.

ಅಜ್ಜಿ ಅದನ್ನು ಸ್ತೋತ್ರದಂತೆಯೇ ಹೇಳಿಸಿದರು. ನಡುವೆ ಉಸಿರು ಬಿಟ್ಟರೆ ಮತ್ತೆ ಮೊದಲಿಂದ. ಯಾವ ಫೈಲಮ್‌ನಲ್ಲಿ ಯಾವ ಪ್ರಾಣಿ ಎಂದು ಒಂದು ದಿನ ಕೇಳಹೋದೆ. "ಸುಮ್ನಿರೇ, ಸರ ಕಿತ್ತೋಗುತ್ತೆ," ಎಂದು ಗದರಿದರು. ನಾನು ಮತ್ತೆ ಕೇಳಹೋಗಲಿಲ್ಲ.

ಪರೀಕ್ಷೆಯ ದಿನ ಅಕ್ಕ ಮಧ್ಯಾಹ್ನ ಬಂದು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತಳು. ಹೆಸರಿಸಿ ಅಂತ ಕೇಳಿರಲಿಲ್ಲ. ಹತ್ತು ಪ್ರಾಣಿ ಕೊಟ್ಟು, ಯಾವುದು ಯಾವ ಫೈಲಮ್, ಯಾಕೆ ಎಂದು ಕೇಳಿದ್ದರು.

"ಒಂದೊಂದಕ್ಕೂ ಪ್ರೊಫೆಸರಿಂದ ಶುರು ಮಾಡ್ಬೇಕಾಯ್ತು ಕಣೇ, ಬೆರಳು ಮಡಚಿ ಮಡಚಿ," ಅಂದಳು. "ನಡುವಿಂದ ಹಿಡಿಯೋಕೆ ಬರಲೇ ಇಲ್ಲ. ಕೊನೇ ಎರಡು ಪ್ರಶ್ನೆ ಮುಟ್ಟೋದ್ರೊಳಗೆ ಗಂಟೆ ಹೊಡೆದ್ಬುಟ್ರು."

"ಜಿಗಣೆಗೆ ಏನು ಬರೆದೆ?"

"ಪ್ಲೇಟು. ಚಪ್ಪಟೆ ಇರುತ್ತಲ್ಲ."

ಅದರ ಮೈಯೆಲ್ಲ ಉಂಗುರ, ಅದು ಅನೆಲಿಡ ಎಂದು ನನಗೆ ಗೊತ್ತಿತ್ತು. ಅಕ್ಕನೇ ನನ್ನ ಮುಖ ನೋಡಿ, "ಹೋಗಲಿ ಬಿಡು," ಅಂದಳು.

ಒಳಗಿನಿಂದ ಅಜ್ಜಿ, "ಪ್ರೊಫೆಸರು ಬಂದ್ರೇನೇ?" ಅಂದರು.

"ಬಂದ್ರು ಅಜ್ಜಿ," ಅಂದಳು ಅಕ್ಕ.

ಫಲಿತಾಂಶದ ಪಟ್ಟಿಯಲ್ಲಿ ಅವಳ ನಂಬರು ಇರಲಿಲ್ಲ. ಹುಣಸೂರಿನವರು ಮುಂದಿನ ಭಾನುವಾರ ಬಂದರು. ಅವರ ಮುಂದಿಟ್ಟ ತಟ್ಟೆಗೆ ಅಜ್ಜಿ ಹುರಿದ ಕಡಲೆಕಾಯಿ ಸುರಿದರು. ಅಕ್ಕ ಒಬ್ಬೊಬ್ಬರಿಗೂ ಕೊಟ್ಟಳು.